ಕಂತು ಅವಧಿಯ ಮೊದಲೋ ಕೊನೆಯೋ? ಆ್ಯನ್ಯುಟಿ ಲೆಕ್ಕ ಎಲ್ಲಿ ಬದಲಾಗುತ್ತದೆ

ಒಂದು ಯಂತ್ರದ ಬೆಲೆ 1,00,000. ಇಡೀ ಹಣ ಒಂದೇ ಸಲ ಕೊಡಲು ಆಗದಿದ್ದರೆ ವರ್ಷಕ್ಕೆ 28,000ದಂತೆ ನಾಲ್ಕು ಕಂತು ಕಟ್ಟಬಹುದು. ಮೊದಲ ಕಂತನ್ನು ಯಂತ್ರ ಒಯ್ಯುವ ದಿನವೇ ಕೊಡಬೇಕು. ನಾಲ್ಕು ಕಂತು ಸೇರಿ 1,12,000 ಆಯಿತು. ಅಂದರೆ 12,000 ಜಾಸ್ತಿ ಕೊಟ್ಟ ಹಾಗೆ. ಹಾಗಾದರೆ ಇದರಲ್ಲಿ ಅಡಗಿರುವ ಬಡ್ಡಿ ದರ ಎಷ್ಟು?

ಇಂಥ ಲೆಕ್ಕವನ್ನು ಮೊದಲ ಸಲ ಸ್ಪ್ರೆಡ್‌ಶೀಟ್‌ಗೆ ಹಾಕಿದಾಗ ನನಗೆ ಬಂದ ಉತ್ತರ 4.69%. ಸಾಲ ಅಗ್ಗವಾಗಿದೆ ಅನ್ನಿಸಿತು. ಕಾಗದದ ಮೇಲೆ ವರ್ಷ ವರ್ಷಕ್ಕೂ ಬಾಕಿ ಎಷ್ಟು ಉಳಿಯುತ್ತದೆ ಅಂತ ಬರೆದು ನೋಡಿದೆ. ಆಗ ಸಿಕ್ಕಿದ ದರ 8.12%. ಬೆಲೆ ಅದೇ, ಕಂತು ಅದೇ, ಕಂತುಗಳ ಸಂಖ್ಯೆಯೂ ಅದೇ. ನಾನು ಮಾಡಿದ ತಪ್ಪು ಒಂದೇ: ಮೊದಲ ಕಂತು ಇವತ್ತು ಹೋಗುತ್ತದೆ ಅನ್ನುವುದನ್ನು ಸ್ಪ್ರೆಡ್‌ಶೀಟ್‌ಗೆ ಹೇಳಿರಲಿಲ್ಲ. ಹೇಳದಿದ್ದರೆ ಅದು ಪ್ರತಿ ಕಂತೂ ವರ್ಷದ ಕೊನೆಗೆ ಹೋಗುತ್ತದೆ ಅಂತಲೇ ಲೆಕ್ಕ ಹಾಕುತ್ತದೆ.

ಈ ಲೇಖನದಲ್ಲಿ ಆ ಒಂದು ಅವಧಿಯ ವ್ಯತ್ಯಾಸವನ್ನೇ ಬಿಡಿಸಿ ನೋಡೋಣ. ಕೊನೆಯಲ್ಲಿ ಕೂಡಿಡುವುದೂ ಹಿಂತೆಗೆಯುವುದೂ ಸೇರಿದ ಒಂದು ಲೆಕ್ಕವನ್ನು ಪೂರ್ತಿ ಮಾಡೋಣ. ಜಾಸ್ತಿ ಜನ ಎಡವುವುದು ಅಲ್ಲಿಯೇ.

ಎರಡು ಹೆಸರು, ಒಂದೇ ಕಂತಿನ ಸಾಲು

ಒಂದೇ ಮೊತ್ತ, ಒಂದೇ ಅಂತರದಲ್ಲಿ, ಇಷ್ಟು ಸಲ ಅಂತ ಕೊಡುವುದೋ ಪಡೆಯುವುದೋ ಇದ್ದರೆ ಅದು ಆ್ಯನ್ಯುಟಿ. ಪ್ರತಿ ಕಂತು ಅವಧಿಯ ಕೊನೆಗೆ ಬಿದ್ದರೆ ಅದನ್ನು ಆರ್ಡಿನರಿ ಆ್ಯನ್ಯುಟಿ ಅನ್ನುತ್ತಾರೆ. ಅವಧಿಯ ಆರಂಭಕ್ಕೇ ಬಿದ್ದರೆ ಅದು ಆ್ಯನ್ಯುಟಿ ಡ್ಯೂ. ಸಾಲದ ಮಾಸಿಕ ಕಂತು, ಬಾಂಡ್‌ನ ಬಡ್ಡಿ ಸಾಮಾನ್ಯವಾಗಿ ಮೊದಲನೇ ಬಗೆ. ಬಾಡಿಗೆ, ವಿಮೆಯ ಪ್ರೀಮಿಯಂ, ಲೀಸ್‌ನ ಕಂತು ಸಾಮಾನ್ಯವಾಗಿ ಎರಡನೇ ಬಗೆ. ಇವುಗಳಲ್ಲಿ ಬಳಸುವ ಮೊದಲೇ ಹಣ ಕೊಡಬೇಕು, ಅಲ್ವಾ? ಆದರೆ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಒಪ್ಪಂದದ ಕಾಗದದಲ್ಲಿ ಮೊದಲ ಕಂತಿನ ದಿನ ಯಾವುದು ಅಂತ ಬರೆದಿರುತ್ತದೆ, ಅದನ್ನೇ ನೋಡಿ.

ಮೊದಲ ಹೆಜ್ಜೆ: ಗೆರೆ ಎಳೆಯಿರಿ

ಸೂತ್ರ ಮುಟ್ಟುವ ಮುಂಚೆ ಒಂದು ಉದ್ದ ಗೆರೆ ಎಳೆಯಿರಿ. ಇವತ್ತನ್ನು 0 ಅನ್ನಿ. ಒಂದು ಅವಧಿ ಮುಗಿದ ಜಾಗ 1, ಎರಡು ಮುಗಿದ ಜಾಗ 2, ಹೀಗೆ ಗುರುತು ಹಾಕಿ. ಐದು ವಾರ್ಷಿಕ ಕಂತುಗಳಿದ್ದರೆ ಎರಡು ಬಗೆಯೂ ಹೀಗೆ ಕಾಣುತ್ತವೆ:

```
ಗುರುತು      0    1    2    3    4    5
ಆರ್ಡಿನರಿ    -    ₓ    ₓ    ₓ    ₓ    ₓ
ಡ್ಯೂ         ₓ    ₓ    ₓ    ₓ    ₓ    -
```

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಗುರುತು 1 ಅಂದರೆ ಮೊದಲ ವರ್ಷದ ಕೊನೆ. ಎರಡನೇ ವರ್ಷದ ಆರಂಭವೂ ಅದೇ ಗುರುತು. ಹಾಗಾಗಿ "ವರ್ಷದ ಕೊನೆಯ ಕಂತು" ಮತ್ತು "ವರ್ಷದ ಆರಂಭದ ಕಂತು" ಅನ್ನುವುದು ಕಂತಿನ ಗುಣ ಅಲ್ಲ. ಅದು ನಾವು ಎಲ್ಲಿ ನಿಂತು ನೋಡುತ್ತೇವೆ ಅನ್ನುವುದರ ಮೇಲೆ ನಿಲ್ಲುತ್ತದೆ. ಗೆರೆಯ ಮೇಲೆ ನೋಡಿದರೆ ನಾಲ್ಕು ಕಂತುಗಳು, ಗುರುತು 1ರಿಂದ 4ರವರೆಗೆ, ಎರಡೂ ಸಾಲಿನಲ್ಲಿ ಒಂದೇ ಜಾಗದಲ್ಲಿವೆ. ಬೇರೆಯಾಗಿರುವುದು ಒಂದೇ ಕಂತು. ಆರ್ಡಿನರಿಯಲ್ಲಿ ಅದು 5ರಲ್ಲಿದೆ, ಡ್ಯೂನಲ್ಲಿ ಅದು 0ಗೆ ಬಂದಿದೆ. ಎಲ್ಲ ವ್ಯತ್ಯಾಸವೂ ಆ ಒಂದು ಕಂತಿನಿಂದಲೇ ಹುಟ್ಟುತ್ತದೆ.

ಎರಡನೇ ಹೆಜ್ಜೆ: ಮುಂದಿನ ಮೌಲ್ಯ

ಪ್ರತಿ ವರ್ಷ 10,000 ಕೂಡಿಡುತ್ತೀರಿ, ಐದು ಸಲ, ವರ್ಷಕ್ಕೆ 8% ಬಡ್ಡಿ ಅಂತ ಇಟ್ಟುಕೊಳ್ಳಿ. ಗುರುತು 5ರಲ್ಲಿ ನಿಂತು ಎಷ್ಟಾಯಿತು ಅಂತ ನೋಡಬೇಕು.

ವರ್ಷದ ಕೊನೆಗೆ ಹಾಕಿದರೆ ಮೊದಲ ಕಂತು ಗುರುತು 1ರಲ್ಲಿ ಬೀಳುತ್ತದೆ. ಅದಕ್ಕೆ ಬೆಳೆಯಲು ನಾಲ್ಕು ವರ್ಷ ಸಿಗುತ್ತದೆ, 13,604.89 ಆಗುತ್ತದೆ. ಎರಡನೆಯದು 12,597.12, ಮೂರನೆಯದು 11,664, ನಾಲ್ಕನೆಯದು 10,800. ಐದನೆಯದು ಆ ದಿನವೇ ಹಾಕಿದ್ದು. ಅದಕ್ಕೆ ಒಂದು ದಿನದ ಬಡ್ಡಿಯೂ ಇಲ್ಲ, 10,000ವೇ. ಒಟ್ಟು 58,666.01.

ಈಗ ಅದೇ ಕಂತುಗಳನ್ನು ವರ್ಷದ ಆರಂಭಕ್ಕೆ ಹಾಕಿ. ಮೊದಲ ಕಂತಿಗೆ ಪೂರ್ತಿ ಐದು ವರ್ಷ ಸಿಗುತ್ತದೆ, 14,693.28 ಆಗುತ್ತದೆ. ಮುಂದಿನವು 13,604.89, 12,597.12, 11,664 ಮತ್ತು 10,800. ಒಟ್ಟು 63,359.29.

ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರೆ ನಾಲ್ಕು ಸಂಖ್ಯೆಗಳು ಅವೇ. ಹೊರಗೆ ಹೋದದ್ದು ಬಡ್ಡಿಯೇ ಬೆಳೆಯದ 10,000. ಒಳಗೆ ಬಂದದ್ದು ಐದು ವರ್ಷ ಬೆಳೆದ 14,693.28. ವ್ಯತ್ಯಾಸ 4,693.28. ಇದನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು: ಪ್ರತಿ ಕಂತಿಗೂ ಒಂದು ವರ್ಷ ಜಾಸ್ತಿ ಸಿಕ್ಕಿದೆ, ಹಾಗಾಗಿ ಇಡೀ ಮೊತ್ತ 1.08 ಪಟ್ಟು ಆಗಿದೆ. 58,666.01ನ್ನು 1.08ರಿಂದ ಗುಣಿಸಿ ನೋಡಿ, 63,359.29 ಬರುತ್ತದೆ.

ಮೂರನೇ ಹೆಜ್ಜೆ: ಇಂದಿನ ಮೌಲ್ಯ

ಈಗ ಗುರುತು 0ರಲ್ಲಿ ನಿಲ್ಲಿ. ಅದೇ ಐದು ಕಂತು ನಿಮಗೆ ಬರಬೇಕಿದೆ ಅಂತ ಇಟ್ಟುಕೊಳ್ಳಿ. ಇವತ್ತಿಗೆ ಅದರ ಬೆಲೆ ಎಷ್ಟು? ಪುಸ್ತಕಗಳಲ್ಲಿ ಇದನ್ನೇ ಪ್ರಸ್ತುತ ಮೌಲ್ಯ ಅನ್ನುತ್ತಾರೆ.

ವರ್ಷದ ಕೊನೆಗೆ ಬರುವುದಾದರೆ ಮೊದಲ ಕಂತಿಗೆ ಒಂದು ವರ್ಷ ಕಾಯಬೇಕು. ಇವತ್ತಿಗೆ ಅದರ ಬೆಲೆ 9,259.26. ಮುಂದಿನವು 8,573.39, 7,938.32, 7,350.30 ಮತ್ತು 6,805.83. ಒಟ್ಟು 39,927.10. ವರ್ಷದ ಆರಂಭಕ್ಕೆ ಬರುವುದಾದರೆ ಮೊದಲ ಕಂತು ಇವತ್ತೇ ಕೈ ಸೇರುತ್ತದೆ, ಅದರ ಬೆಲೆ ಪೂರ್ತಿ 10,000. ಆಮೇಲಿನ ನಾಲ್ಕು ಕಂತುಗಳಿಗೆ ಮೇಲಿನ ಮೊದಲ ನಾಲ್ಕು ಸಂಖ್ಯೆಗಳೇ. ಒಟ್ಟು 43,121.27. ಇಲ್ಲಿಯೂ 39,927.10ನ್ನು 1.08ರಿಂದ ಗುಣಿಸಿದರೆ ಇದೇ ಸಿಗುತ್ತದೆ.

ಇಲ್ಲಿ ಹೊಸಬರು ಒಂದು ಕಡೆ ತಪ್ಪುತ್ತಾರೆ. ಮುಂದಿನ ಮೌಲ್ಯಕ್ಕೆ ಗುಣಿಸಿದ್ದೇವೆ, ಇಂದಿನ ಮೌಲ್ಯಕ್ಕೆ ಭಾಗಿಸಬೇಕು ಅಂದುಕೊಳ್ಳುತ್ತಾರೆ. ಹಾಗಲ್ಲ. ಎರಡಕ್ಕೂ ಗುಣಿಸಬೇಕು. ಕಂತು ಬೇಗ ಬಂದರೆ ಅದು ಬೆಳೆಯಲು ಸಮಯ ಜಾಸ್ತಿ ಸಿಗುತ್ತದೆ, ಹಾಗೆಯೇ ಅದಕ್ಕಾಗಿ ಕಾಯುವ ಸಮಯ ಕಡಿಮೆಯಾಗುತ್ತದೆ. ಎರಡೂ ಬೆಲೆಯನ್ನು ಮೇಲಕ್ಕೇ ತಳ್ಳುತ್ತವೆ. ಬಡ್ಡಿ ದರ ಸೊನ್ನೆಗಿಂತ ಜಾಸ್ತಿ ಇದ್ದಾಗ ಡ್ಯೂನ ಮೌಲ್ಯ ಆರ್ಡಿನರಿಗಿಂತ ಕಡಿಮೆ ಬಂದರೆ ಲೆಕ್ಕ ತಪ್ಪಿದೆ ಅಂತಲೇ ಅರ್ಥ.

ಸೂತ್ರ ಬೇಕಾದವರಿಗೆ ಇಲ್ಲಿದೆ. `FV` ಮುಂದಿನ ಮೌಲ್ಯ, `PV` ಇಂದಿನ ಮೌಲ್ಯ, `C` ಕಂತಿನ ಮೊತ್ತ, `i` ಒಂದು ಅವಧಿಯ ಬಡ್ಡಿ ದರ, `n` ಕಂತುಗಳ ಸಂಖ್ಯೆ.

```
FV (ordinary) = C × [ (1+i)^n − 1 ] / i
PV (ordinary) = C × [ 1 − (1+i)^(−n) ] / i
FV (due)      = FV (ordinary) × (1+i)
PV (due)      = PV (ordinary) × (1+i)
```

ಸುಮ್ನೆ ಬಾಯಿಪಾಠ ಮಾಡುವ ಬದಲು ಇಂದಿನ ಮೌಲ್ಯವನ್ನು ಹೀಗೆ ಪರೀಕ್ಷಿಸಿ ನೋಡಿ: ಡ್ಯೂ ಅಂದರೆ ಇವತ್ತಿನ ಒಂದು ಕಂತು, ಜೊತೆಗೆ ಇನ್ನುಳಿದ ನಾಲ್ಕು ಕಂತಿನ ಆರ್ಡಿನರಿ ಆ್ಯನ್ಯುಟಿ. ನನಗೆ ಗುಣಿಸುವ ಸೂತ್ರಕ್ಕಿಂತ ಈ ದಾರಿಯೇ ಇಷ್ಟ. ಇದು ಗೆರೆಯ ಮೇಲೆ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಮರೆಯುವುದಿಲ್ಲ.

`i` ಅಂದರೆ ವರ್ಷದ ದರ ಅಲ್ಲ, ಅವಧಿಯ ದರ

ಕಂತು ತಿಂಗಳಿಗೊಮ್ಮೆ ಇದ್ದರೆ ಒಂದು ಅವಧಿ ಅಂದರೆ ಒಂದು ತಿಂಗಳು. ವರ್ಷಕ್ಕೆ 12%, ಬಡ್ಡಿ ತಿಂಗಳಿಗೊಮ್ಮೆ ಸೇರುತ್ತದೆ ಅಂತ ಹೇಳಿದ್ದರೆ ತಿಂಗಳ ದರ 1%. ತಿಂಗಳಿಗೆ 10,000ದಂತೆ 12 ತಿಂಗಳು ಹಾಕಿದರೆ ತಿಂಗಳ ಕೊನೆಯ ಲೆಕ್ಕದಲ್ಲಿ 1,26,825 ಆಗುತ್ತದೆ. ತಿಂಗಳ ಆರಂಭದ ಲೆಕ್ಕದಲ್ಲಿ 1,28,093. ವ್ಯತ್ಯಾಸ 1,268 ಮಾತ್ರ. ಅವಸರದಲ್ಲಿ 1.12ರಿಂದ ಗುಣಿಸಿದರೆ 1,42,044 ಬರುತ್ತದೆ. ಇರದ ಹಣವನ್ನು ಇದೆ ಅಂತ ನಂಬಿದ ಹಾಗಾಗುತ್ತದೆ.

ಹೇಳಿದ 12% ಬಡ್ಡಿಯ ಮೇಲಿನ ಬಡ್ಡಿಯೂ ಸೇರಿ ವರ್ಷಕ್ಕೆ ಆಗುವ ಒಟ್ಟು ದರ ಆಗಿದ್ದರೆ ಅದನ್ನು ಹನ್ನೆರಡರಿಂದ ಭಾಗಿಸುವಂತಿಲ್ಲ. ಆಗ ತಿಂಗಳ ದರ `1.12^(1/12) − 1`, ಅಂದರೆ ಸುಮಾರು 0.949%.

ಇದರಿಂದ ಇನ್ನೊಂದು ವಿಷಯವೂ ಹೊರಬೀಳುತ್ತದೆ. ಎರಡು ಬಗೆಯ ನಡುವಿನ ಅನುಪಾತ ಕಂತುಗಳ ಸಂಖ್ಯೆಯ ಮೇಲೆ ನಿಂತಿಲ್ಲ. 12 ಕಂತಿರಲಿ, 300 ಕಂತಿರಲಿ, ತಿಂಗಳಿಗೆ 1% ಆದರೆ ಡ್ಯೂನ ಮೌಲ್ಯ ಸರಿಯಾಗಿ 1% ಜಾಸ್ತಿ. ಅದಕ್ಕೇ ಮಾಸಿಕ ಕಂತಿನಲ್ಲಿ ಈ ತಪ್ಪು ಮಾಡಿದರೂ ಕಣ್ಣಿಗೆ ಬೀಳುವುದಿಲ್ಲ. ವಾರ್ಷಿಕ ಕಂತಿನಲ್ಲಿ ಜೋರಾಗಿ ಹೊಡೆಯುತ್ತದೆ.

ಸ್ಪ್ರೆಡ್‌ಶೀಟ್‌ನಲ್ಲಿ ಹೇಗೆ ಹೇಳುವುದು

ಎಕ್ಸೆಲ್‌ನ `PV`, `FV`, ಕಂತು ಕಂಡುಹಿಡಿಯುವ `PMT`, ದರ ಕಂಡುಹಿಡಿಯುವ `RATE` ಸೂತ್ರಗಳಲ್ಲಿ `type` ಅಂತ ಒಂದು ಜಾಗ ಇರುತ್ತದೆ. ಅಲ್ಲಿ 0 ಹಾಕಿದರೆ ಅವಧಿಯ ಕೊನೆ, 1 ಹಾಕಿದರೆ ಅವಧಿಯ ಆರಂಭ. ಏನೂ ಹಾಕದೆ ಬಿಟ್ಟರೆ ಅದು 0 ಅಂತ ತೆಗೆದುಕೊಳ್ಳುತ್ತದೆ.

```
=FV(8%, 5, -10000, 0, 1)      63,359.29
=FV(8%, 5, -10000)            58,666.01
=PV(8%, 5, -10000, 0, 1)      43,121.27
```

ಕಂತಿನ ಮುಂದೆ ಮೈನಸ್ ಇದೆ ನೋಡಿ. ಕೈಯಿಂದ ಹೋಗುವ ಹಣಕ್ಕೆ ಮೈನಸ್, ಕೈಗೆ ಬರುವುದಕ್ಕೆ ಪ್ಲಸ್. `type`ನ ಮುಂಚೆ ಇರುವ 0 ಕೂಡ ಬೇಕು, ಅದು ಕಂತುಗಳಲ್ಲದೆ ಒಂದೇ ಸಲ ಕೊಡುವ ಅಥವಾ ಪಡೆಯುವ ಒಂಟಿ ಮೊತ್ತದ ಜಾಗ. ಅದನ್ನು ಬಿಟ್ಟು ನೇರ 1 ಹಾಕಿದರೆ ಎಕ್ಸೆಲ್ ಆ 1ನ್ನು ಒಂದು ಮೊತ್ತ ಅಂತ ಓದುತ್ತದೆ. ಉತ್ತರ ಆರ್ಡಿನರಿಯ ಹತ್ತಿರವೇ ಬರುತ್ತದೆ, ಒಂದೆರಡು ಅಂಕಿ ಮಾತ್ರ ಅತ್ತಿತ್ತ. ಯಾವ ಎರರ್ ಸಂದೇಶವೂ ಬರುವುದಿಲ್ಲ.

ಫೈನಾನ್ಶಿಯಲ್ ಕ್ಯಾಲ್ಕುಲೇಟರ್ ಬಳಸುವವರು ಪರದೆಯ ಮೇಲೆ `BGN` ಅಥವಾ `BEGIN` ಅಂತ ಚಿಕ್ಕ ಅಕ್ಷರದಲ್ಲಿ ಇದೆಯಾ ನೋಡಿ. ಇದ್ದರೆ ಅದು ಡ್ಯೂ ಲೆಕ್ಕದಲ್ಲಿದೆ. ಟಿಐ ಬಿಎ 2 ಪ್ಲಸ್‌ನಲ್ಲಿ ಹಳೆಯ ಅಂಕಿಗಳನ್ನು `CLR TVM` ಒತ್ತಿ ಅಳಿಸಿದರೂ ಈ ಸ್ಥಿತಿ ಹೋಗುವುದಿಲ್ಲ. ನಿನ್ನೆ ಲೀಸ್ ಲೆಕ್ಕ ಮಾಡಿ ಬಿಟ್ಟಿದ್ದರೆ ಇವತ್ತಿನ ಸಾಲದ ಲೆಕ್ಕವೂ ಅದರಲ್ಲೇ ನಡೆಯುತ್ತದೆ. ಅದಕ್ಕೇ ಲೆಕ್ಕ ಶುರು ಮಾಡುವಾಗ ಮೊದಲು ನೋಡಬೇಕಾದದ್ದು ಅದು.

ಈಗ ಯಂತ್ರದ ಕಂತಿಗೆ ವಾಪಸ್ ಬರೋಣ

```
=RATE(4, -28000, 100000, 0, 0)    4.69%
=RATE(4, -28000, 100000, 0, 1)    8.12%
```

ಯಾವುದು ಸರಿ ಅಂತ ಸೂತ್ರವನ್ನು ನಂಬದೆ ನೋಡೋಣ. ಯಂತ್ರ ಒಯ್ದ ದಿನವೇ 28,000 ಕೊಟ್ಟಿರಿ. ಹಾಗಾದರೆ ನಿಮಗೆ ನಿಜವಾಗಿ ಸಿಕ್ಕ ಸಾಲ 1,00,000 ಅಲ್ಲ, 72,000. ಆ 72,000ದ ಮೇಲೆ ಮೊದಲ ವರ್ಷ 8.122% ಲೆಕ್ಕದಲ್ಲಿ 5,848 ಬಡ್ಡಿ ಆಗುತ್ತದೆ. ವರ್ಷದ ಕೊನೆಗೆ 28,000 ಕೊಟ್ಟಾಗ ಬಾಕಿ 49,848. ಎರಡನೇ ವರ್ಷದ ಬಡ್ಡಿ 4,049. ಮತ್ತೆ 28,000 ಕೊಟ್ಟರೆ ಬಾಕಿ 25,897. ಮೂರನೇ ವರ್ಷದ ಬಡ್ಡಿ 2,103 ಸೇರಿದಾಗ ಸರಿಯಾಗಿ 28,000. ಕೊನೆಯ ಕಂತು ಕೊಟ್ಟರೆ ಬಾಕಿ ಸೊನ್ನೆ. ಮೂರು ಬಡ್ಡಿಯನ್ನೂ ಕೂಡಿಸಿದರೆ 12,000.

ಬಡ್ಡಿಯ ಮೊತ್ತ ಎರಡೂ ಲೆಕ್ಕದಲ್ಲಿ 12,000ವೇ. ಆದರೆ ಸಾಲ 72,000ಕ್ಕೆ, ಅವಧಿ ಮೂರು ವರ್ಷಕ್ಕೆ. 4.69% ಬಂದದ್ದು ಸಾಲ 1,00,000, ಅವಧಿ ನಾಲ್ಕು ವರ್ಷ ಅಂತ ತಿಳಿದಾಗ. ಕಂತುಗಳ ಸಂಖ್ಯೆ ಕಡಿಮೆ ಇದ್ದಷ್ಟೂ ದರದ ಈ ಮೋಸ ದೊಡ್ಡದಾಗುತ್ತದೆ. ಯಾಕೆಂದರೆ ನಾಲ್ಕರಲ್ಲಿ ಒಂದು ಕಂತು ಅಂದರೆ ಸಾಲದ ಕಾಲುಭಾಗಕ್ಕಿಂತ ಜಾಸ್ತಿ ಹಣ ಮೊದಲ ದಿನವೇ ವಾಪಸ್ ಹೋದ ಹಾಗೆ.

ಇದನ್ನೇ ತಿರುಗಿಸಿ ನೋಡಿ. 1,00,000ವನ್ನು 8% ದರದಲ್ಲಿ ನಾಲ್ಕು ಕಂತಿನಲ್ಲಿ ತೀರಿಸಬೇಕಾದರೆ ವರ್ಷದ ಕೊನೆಯ ಕಂತು 30,192.08. ವರ್ಷದ ಆರಂಭದ ಕಂತು 27,955.63. ಕಂತು ಚಿಕ್ಕದು ಅಂತ ಎರಡನೆಯದು ಅಗ್ಗ ಅಲ್ಲ. ಎರಡರ ದರವೂ 8%. ಕಂತಿನ ಮೊತ್ತವನ್ನು ಮಾತ್ರ ಹೋಲಿಸಿ ಆರಿಸಿದರೆ ಇಲ್ಲಿ ಏಮಾರುತ್ತೇವೆ.

ಒಂಟಿ ಮೊತ್ತವನ್ನು ಗುಣಿಸಬೇಡಿ

ಅದೇ ಯಂತ್ರವನ್ನು ಕೊಳ್ಳದೆ ನಾಲ್ಕು ವರ್ಷಕ್ಕೆ ಲೀಸ್ ಪಡೆದಿದ್ದರೆ, ಲೀಸ್ ಮುಗಿದ ಮೇಲೆ ಅದನ್ನು ನಿಮ್ಮದಾಗಿಸಿಕೊಳ್ಳಲು ಇನ್ನೊಂದು 20,000 ಕೊಡಬೇಕು ಅಂತ ಒಪ್ಪಂದದಲ್ಲಿ ಇರಬಹುದು. ಆ ಹಣ ಹೋಗುವುದು ಗುರುತು 4ರಲ್ಲಿ. ಕಂತುಗಳು ಅವಧಿಯ ಆರಂಭಕ್ಕೆ ಜರುಗಿದವು ಅಂತ ಅದೇನೂ ಜರುಗುವುದಿಲ್ಲ. ಹಾಗಾಗಿ `(1+i)` ಗುಣಿಸುವುದು ಕಂತುಗಳ ಮೊತ್ತಕ್ಕೆ ಮಾತ್ರ. 20,000ವನ್ನು ಬೇರೆಯಾಗಿ ನಾಲ್ಕು ವರ್ಷ ಹಿಂದಕ್ಕೆ ತಂದು ಆಮೇಲೆ ಕೂಡಿಸಬೇಕು. ಎಕ್ಸೆಲ್ ಇದನ್ನು ಸರಿಯಾಗಿಯೇ ಮಾಡುತ್ತದೆ. `type` 1 ಹಾಕಿದರೂ ಒಂಟಿ ಮೊತ್ತವನ್ನು ಕೊನೆಯ ಅವಧಿಯ ಕೊನೆಯಲ್ಲೇ ಇಡುತ್ತದೆ. ಕೈಲೆಕ್ಕ ಮಾಡುವಾಗ ಎಲ್ಲವನ್ನೂ ಕೂಡಿಸಿ ಆಮೇಲೆ ಗುಣಿಸಿದರೆ ತಪ್ಪಾಗುತ್ತದೆ.

ಕೂಡಿಡುವುದು ನಿಂತು ತೆಗೆಯುವುದು ಶುರುವಾಗುವ ಜಾಗ

ಈಗ ದೊಡ್ಡ ಲೆಕ್ಕ. ಒಬ್ಬರು ಇವತ್ತಿನಿಂದ ಶುರುಮಾಡಿ ವರ್ಷಕ್ಕೆ 50,000ದಂತೆ ಹತ್ತು ಸಲ ಕೂಡಿಡುತ್ತಾರೆ. ದರ 6%. ಹತ್ತು ವರ್ಷ ತುಂಬಿದ ದಿನದಿಂದ ವರ್ಷಕ್ಕೊಮ್ಮೆ ಒಂದೇ ಮೊತ್ತದಂತೆ ಹತ್ತು ಸಲ ಹಿಂತೆಗೆದು ಖಾತೆಯನ್ನು ಖಾಲಿ ಮಾಡಬೇಕು. ಪ್ರತಿ ಸಲ ಎಷ್ಟು ತೆಗೆಯಬಹುದು?

ಗೆರೆ ಎಳೆಯಿರಿ. ಹಾಕುವ ಕಂತುಗಳು ಗುರುತು 0ಯಿಂದ 9ರವರೆಗೆ. ತೆಗೆಯುವ ಕಂತುಗಳು 10ರಿಂದ 19ರವರೆಗೆ. ಎರಡೂ ಕಡೆಯ ಮೌಲ್ಯವನ್ನು ಒಂದೇ ಗುರುತಿಗೆ ತರಬೇಕು. ಗುರುತು 10 ಅದಕ್ಕೆ ಅನುಕೂಲ.

ಗುರುತು 10ರಿಂದ ಹಿಂದಕ್ಕೆ ನೋಡಿದರೆ ಕೊನೆಯ ಹಾಕಿಕೆ ಒಂದು ವರ್ಷ ಹಿಂದೆ ಇದೆ. ಹಾಗಾಗಿ ಇದು ಡ್ಯೂ. ಆರ್ಡಿನರಿ ಲೆಕ್ಕದಲ್ಲಿ 6,59,040 ಬರುತ್ತದೆ, ಅದನ್ನು 1.06ರಿಂದ ಗುಣಿಸಿದರೆ 6,98,582. ಆ ದಿನ ಖಾತೆಯಲ್ಲಿ ಇರುವ ಹಣ ಇದು.

ಅದೇ ಗುರುತು 10ರಿಂದ ಮುಂದಕ್ಕೆ ನೋಡಿ. ಮೊದಲ ಹಿಂತೆಗೆತ ಅದೇ ದಿನ. ಇದೂ ಡ್ಯೂ. ವರ್ಷಕ್ಕೆ 1 ತೆಗೆದರೆ ಇಂದಿನ ಮೌಲ್ಯ 7.801692. 6,98,582ನ್ನು ಇದರಿಂದ ಭಾಗಿಸಿದರೆ 89,542. ಉತ್ತರ ಇದು.

ಎಲ್ಲಿ ತಪ್ಪಾಗುತ್ತದೆ ನೋಡಿ. ಹಾಕುವುದನ್ನು ಡ್ಯೂ ಅಂತ ಸರಿಯಾಗಿ ಮಾಡಿ, ತೆಗೆಯುವುದನ್ನು ಆರ್ಡಿನರಿ ಅಂತ ಮಾಡಿದರೆ 94,915 ಬರುತ್ತದೆ. ಈ ಅಂಕಿಯನ್ನು ನಂಬಿ ಹತ್ತನೇ ವರ್ಷ ತುಂಬಿದ ದಿನದಿಂದಲೇ ತೆಗೆಯಲು ಶುರುಮಾಡಿದರೆ ಒಂಬತ್ತು ಸಲ ಏನೂ ಗೊತ್ತಾಗುವುದಿಲ್ಲ. ಹತ್ತನೇ ಸಲ ಹೋದಾಗ ಖಾತೆಯಲ್ಲಿ ಸುಮಾರು 24,100 ಮಾತ್ರ ಇರುತ್ತದೆ. ತಪ್ಪು ಮೊದಲ ದಿನವೇ ಆಗಿರುತ್ತದೆ, ಕಾಣುವುದು ಕೊನೆಯ ದಿನ. ಆ ಹೊತ್ತಿಗೆ ಸರಿ ಮಾಡಲು ಸಮಯ ಇರುವುದಿಲ್ಲ. ಈ ಲೆಕ್ಕವನ್ನು ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಉಲ್ಟಾ ತಪ್ಪೂ ಆಗಬಹುದು. ಹಾಕುವುದನ್ನು ಆರ್ಡಿನರಿ, ತೆಗೆಯುವುದನ್ನು ಡ್ಯೂ ಅಂತ ಮಾಡಿದರೆ 84,474 ಬರುತ್ತದೆ. ಇದರಲ್ಲಿ ಹಣ ಕೊರತೆ ಬೀಳುವುದಿಲ್ಲ. ಆದರೆ ಪ್ರತಿ ವರ್ಷ ಐದು ಸಾವಿರಕ್ಕೂ ಜಾಸ್ತಿ ಹಣವನ್ನು ಕಾರಣವಿಲ್ಲದೆ ಕೈಬಿಟ್ಟ ಹಾಗಾಗುತ್ತದೆ.

ಎರಡನ್ನೂ ಆರ್ಡಿನರಿ ಅಂತ ಮಾಡಿದರೆ? ಮತ್ತೆ 89,542ವೇ ಬರುತ್ತದೆ! ಒಂದು ಕಡೆಯ 1.06 ಇನ್ನೊಂದು ಕಡೆಯ 1.06ನ್ನು ಹೊಡೆದು ಹಾಕುತ್ತದೆ. ಉತ್ತರ ಸರಿ ಬಂತು ಅಂತ ದಾರಿಯೂ ಸರಿ ಅಂದುಕೊಳ್ಳುವ ಅಪಾಯ ಇಲ್ಲಿದೆ. ಹಾಕುವ ಹಂತದ ದರ 6%, ತೆಗೆಯುವ ಹಂತದ ದರ 5% ಅಂತ ಬದಲಾದರೆ ಈ ಹೊಂದಾಣಿಕೆ ಮುರಿದುಬೀಳುತ್ತದೆ.

ನಿಮ್ಮ ಉತ್ತರ ಸರಿಯೇ ಅಂತ ನೋಡಲು ಇಂಥ ಲೆಕ್ಕದಲ್ಲಿ ಒಂದು ಸುಲಭ ಉಪಾಯ ಇದೆ. ಹಾಕಿದ್ದೂ ಹತ್ತು, ತೆಗೆದದ್ದೂ ಹತ್ತು, ದರವೂ ಒಂದೇ ಆದರೆ ಪ್ರತಿ ಹಾಕಿಕೆಗೂ ಒಂದು ಹಿಂತೆಗೆತವನ್ನು ಜೋಡಿ ಮಾಡಿ. ಗುರುತು 0ರ 50,000ಕ್ಕೆ ಗುರುತು 10ರ ಹಿಂತೆಗೆತ, 1ಕ್ಕೆ 11, 2ಕ್ಕೆ 12, ಹೀಗೆ. ಪ್ರತಿ ಜೋಡಿಯ ನಡುವೆಯೂ ಸರಿಯಾಗಿ ಹತ್ತು ವರ್ಷ. ಹಾಗಾದರೆ ಪ್ರತಿ 50,000 ಹತ್ತು ವರ್ಷ ಬೆಳೆದು ಹೊರಗೆ ಬರುತ್ತದೆ:

```
50000 × 1.06^10 = 89,542
50000 × 1.06^9  = 84,474
50000 × 1.06^11 = 94,915
```

ಮೇಲೆ ಬಂದ ಮೂರು ಅಂಕಿಗಳೂ ಇಲ್ಲಿವೆ. 84,474 ಬಂದಿದ್ದರೆ ನಡುವಿನ ಒಂದು ವರ್ಷವನ್ನು ನೀವು ನುಂಗಿದ್ದೀರಿ. 94,915 ಬಂದಿದ್ದರೆ ಒಂದು ವರ್ಷವನ್ನು ಜಾಸ್ತಿ ಸೇರಿಸಿದ್ದೀರಿ. ಆಗ ಸೂತ್ರವನ್ನು ತಿದ್ದಲು ಹೋಗಬೇಡಿ. ಗೆರೆಗೆ ವಾಪಸ್ ಹೋಗಿ, ಕೊನೆಯ ಹಾಕಿಕೆಯ ಗುರುತನ್ನೂ ಮೊದಲ ಹಿಂತೆಗೆತದ ಗುರುತನ್ನೂ ಬೆರಳಿಟ್ಟು ನೋಡಿ. ನಡುವೆ ಎಷ್ಟು ಮನೆ ಇದೆ ಅಂತ ಎಣಿಸಿ.